ಚೀಟಿಯೊಳಗಿನ ಲ್ಯಾಟಿನ್: ಬಿ.ಡಿ., ಟಿ.ಡಿ.ಎಸ್. ಮತ್ತು 1-0-1ರ ಕಥೆ

ಮನೆಯಲ್ಲಿ ಕಂಪ್ಯೂಟರ್ ಓದಿದವರೊಬ್ಬರಿದ್ದರೆ ಸಾಕು, ಊರಿನ ಅರ್ಧ ನೆಂಟರು ಡಾಕ್ಟರ ಚೀಟಿಯ ಫೋಟೊ ತೆಗೆದು ಕಳಿಸುತ್ತಾರೆ. "ಇದನ್ನ ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ? ಸ್ವಲ್ಪ ನೋಡಿ ಹೇಳೋ" ಅಂತ. ಬಗ್ ಹುಡುಕುವವನಿಗೆ ಬರಹವೂ ಅರ್ಥವಾಗುತ್ತೆ ಅನ್ನೋದು ಅವರ ನಂಬಿಕೆ. ನನಗೂ ಹೀಗೆ ಫೋಟೊಗಳು ಬರುತ್ತಲೇ ಇರುತ್ತವೆ. ಔಷಧಿಯ ಹೆಸರನ್ನು ಮೆಡಿಕಲ್ ಶಾಪಿನವರು ಹೇಗೋ ಓದಿಬಿಡುತ್ತಾರೆ. ಮನೆಗೆ ಬಂದ ಮೇಲೆ ತಲೆ ತಿನ್ನೋದು ಪಕ್ಕದಲ್ಲಿರುವ ಎರಡು ಮೂರು ಅಕ್ಷರಗಳು. ಈ ಅಕ್ಷರಗಳು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದಾಗ ಒಂದು ಸಂಗತಿ ಹೊಳೆಯಿತು. ಇವನ್ನು ರೋಗಿ ಓದಲಿ ಅಂತ ಬರೆದದ್ದೇ ಅಲ್ಲ!

ಮೊದಲು ಒಂದು ಚೀಟಿ ನೋಡೋಣ. ಇದು ಯಾರದೂ ಅಲ್ಲ, ವಿವರಿಸುವುದಕ್ಕೆ ನಾನೇ ಮಾಡಿಕೊಂಡ ಮಾದರಿ. ದಯವಿಟ್ಟು ಇದನ್ನು ನೋಡಿ ಔಷಧಿ ತಗೋಬೇಡಿ.

```
Rx
1. Cap. Amoxicillin 500 mg   TDS x 5/7     (15)
2. Tab. Pantoprazole 40 mg   OD a/c x 5/7  (5)
3. Tab. Paracetamol 650 mg   SOS p/c       (6)
4. Tab. Cetirizine 10 mg     HS x 3/7      (3)
```

ಮೇಲಿನ ಆರ್ ಎಕ್ಸ್‌ನಿಂದಲೇ ಶುರು ಮಾಡೋಣ. ಅದರಲ್ಲಿ ಎಕ್ಸ್ ಅನ್ನುವ ಅಕ್ಷರವೇ ಇಲ್ಲ. ಲ್ಯಾಟಿನ್ನಿನಲ್ಲಿ 'ರೆಸಿಪೆ' ಅಂದರೆ 'ತೆಗೆದುಕೋ' ಅನ್ನುವ ಅಪ್ಪಣೆ. ಮಧ್ಯಯುಗದ ಯುರೋಪಿನ ಲಿಪಿಕಾರರು ಪದವನ್ನು ಮೊಟಕು ಮಾಡಿದಾಗೆಲ್ಲ, ಮೊಟಕು ಮಾಡಿದ್ದೇವೆ ಅಂತ ಗುರುತಿಗೆ ಒಂದು ಗೀಟು ಎಳೆಯುತ್ತಿದ್ದರು. ಆರ್ ಅಕ್ಷರದ ಕಾಲಿಗೆ ಅಡ್ಡ ಎಳೆದ ಆ ಗೀಟೇ ನಮಗೆ ಎಕ್ಸ್ ಆಗಿ ಕಾಣುವುದು. ಯುನಿಕೋಡಿನಲ್ಲಿ ಇದಕ್ಕೆ ಸ್ವಂತ ಜಾಗವಿದೆ: ℞, U+211E. ಅಲ್ಲಿ ಇದರ ಅಧಿಕೃತ ಹೆಸರು 'ಪ್ರಿಸ್ಕ್ರಿಪ್ಷನ್ ಟೇಕ್'. ಯುನಿಕೋಡಿನವರು ಅರ್ಥವನ್ನೂ ಸೇರಿಸಿಯೇ ಇಟ್ಟಿದ್ದಾರೆ! ಅಂದ ಹಾಗೆ ಅಡುಗೆಯ 'ರೆಸಿಪಿ'ಯೂ ಇದೇ ಪದ. ಇಂಗ್ಲಿಷಿನಲ್ಲಿ ಅದು ಮೊದಲು ಔಷಧಿಯ ಚೀಟಿಯಾಗಿತ್ತು, ಆಮೇಲೆ ಅಡುಗೆಮನೆ ಸೇರಿತು.

'ತೆಗೆದುಕೋ' ಅಂತ ಅಪ್ಪಣೆ ಮಾಡುತ್ತಿದ್ದದ್ದು ಯಾರಿಗೆ? ರೋಗಿಗೆ ಅಂದುಕೊಂಡರೆ ತಪ್ಪು. ಔಷಧಿ ಕಲಸಿ ಕೊಡುವವನಿಗೆ. "ಇದನ್ನು ಇಷ್ಟು ತೆಗೆದುಕೋ, ಅದನ್ನು ಇಷ್ಟು ತೆಗೆದುಕೋ, ಬೆರೆಸು" ಅಂತ. ಹಳೆಯ ಕಾಲದ ಪೂರ್ತಿ ಚೀಟಿಗೆ ನಾಲ್ಕು ಭಾಗಗಳಿದ್ದವು. ಮೇಲೆ ಈ ಗುರುತು, ಅದರ ಕೆಳಗೆ ಸಾಮಗ್ರಿಗಳು ಮತ್ತು ಅಳತೆ, ಆಮೇಲೆ ಹೇಗೆ ಬೆರೆಸಬೇಕು ಅನ್ನುವ ಸೂಚನೆ, ಕೊನೆಗೆ 'ಸಿಗ್' ಅಂತ ಬರೆದು ರೋಗಿ ಹೇಗೆ ತೆಗೆದುಕೊಳ್ಳಬೇಕು ಅನ್ನುವುದು. ಸಿಗ್ ಅಂದರೆ ಲ್ಯಾಟಿನ್ನಿನ 'ಸಿಗ್ನಾ', 'ಗುರುತು ಹಾಕು'. ಅಂದರೆ, ಮುಂದೆ ಇರುವುದನ್ನು ಬಾಟಲಿಯ ಮೇಲಿನ ಚೀಟಿಯಲ್ಲಿ ಬರೆದು ಅಂಟಿಸು ಅಂತ. ದಿನಕ್ಕೆ ಮೂರು ಸಲ ಅನ್ನುವುದನ್ನು ಲ್ಯಾಟಿನ್ನಿನಲ್ಲಿ ಬರೆಯುವವರು ಡಾಕ್ಟರು. ಅದನ್ನು ರೋಗಿಯ ಭಾಷೆಗೆ ತಂದುಕೊಡುವ ಕೆಲಸ ಔಷಧಿ ಕೊಡುವವನದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಡುವೆ ಒಬ್ಬ ಕಂಪೈಲರ್ ಇದ್ದ.

ಲ್ಯಾಟಿನ್ನೇ ಯಾಕೆ? ಯುರೋಪಿನಲ್ಲಿ ಓದಿದ ವೈದ್ಯರೆಲ್ಲರ ಸಾಮಾನ್ಯ ಭಾಷೆ ಅದು. 1618ರಲ್ಲಿ ಲಂಡನ್ನಿನ ವೈದ್ಯರ ಕಾಲೇಜು ಹೊರತಂದ ಔಷಧಕೋಶವೂ ಲ್ಯಾಟಿನ್ನಿನಲ್ಲೇ ಇತ್ತು. 1649ರಲ್ಲಿ ನಿಕೊಲಸ್ ಕಲ್ಪೆಪರ್ ಅನ್ನುವವನು ಅಪ್ಪಣೆ ಕೇಳದೆ ಅದನ್ನು ಇಂಗ್ಲಿಷಿಗೆ ತಂದು ಕಾಲೇಜಿನ ಕೋಪಕ್ಕೆ ಗುರಿಯಾದ. ಬಡವರೂ ಓದಿ ತಿಳಿಯಲಿ ಅನ್ನುವುದು ಅವನ ವಾದ. 1864ರ ಮೊದಲ ಬ್ರಿಟಿಷ್ ಫಾರ್ಮಕೋಪಿಯ ಬರುವಷ್ಟರಲ್ಲಿ ಪುಸ್ತಕದ ಭಾಷೆ ಇಂಗ್ಲಿಷಾಗಿತ್ತು. ಆದರೆ ಚೀಟಿಯ ಸೂಚನೆಗಳು ಮಾತ್ರ ಲ್ಯಾಟಿನ್ನಿನಲ್ಲೇ ಉಳಿದವು. ಕಲ್ಕತ್ತ, ಮದ್ರಾಸುಗಳಲ್ಲಿ 1835ರಲ್ಲಿ ಶುರುವಾದ ವೈದ್ಯ ಶಾಲೆಗಳಿಂದ ಹಿಡಿದು, ಇಲ್ಲಿ ಕಲಿತವರೆಲ್ಲ ಬ್ರಿಟಿಷರ ಪದ್ಧತಿಯನ್ನೇ ಕಲಿತರು. ನಮ್ಮ ಚೀಟಿಗಳಲ್ಲಿ ಇವತ್ತಿಗೂ ಟಿ.ಡಿ.ಎಸ್. ಇರುವುದಕ್ಕೂ, ಅಮೆರಿಕದವರು ಅದನ್ನೇ ಟಿ.ಐ.ಡಿ. ಅಂತ ಬರೆಯುವುದಕ್ಕೂ ಕಾರಣ ಇದೇ.

ಈಗ ಆ ಅಕ್ಷರಗಳನ್ನು ಬಿಡಿಸೋಣ. ಕನ್ನಡದವರಿಗೆ ಇದು ಕಷ್ಟವೇ ಅಲ್ಲ. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ನಂಟಿದೆ. ಅವರ 'ಡಿಯೆಸ್' ಅಂದರೆ ದಿನ, ನಮ್ಮ 'ದಿವಸ'ದ ನೆಂಟ. 'ಬಿಸ್' ಅಂದರೆ ಎರಡು ಸಲ, ನಮ್ಮ 'ದ್ವಿ'ಯ ನೆಂಟ. 'ಟೆರ್' ಅಂದರೆ ಮೂರು ಸಲ, 'ತ್ರಿ'. 'ಕ್ವಾಟೆರ್' ನಾಲ್ಕು ಸಲ, 'ಚತುರ್'. ಹಾಗಾಗಿ ಬಿ.ಡಿ. ಅಂದರೆ ದಿನಕ್ಕೆ ಎರಡು, ಟಿ.ಡಿ.ಎಸ್. ಅಂದರೆ ದಿನಕ್ಕೆ ಮೂರು, ಕ್ಯು.ಡಿ.ಎಸ್. ಅಂದರೆ ನಾಲ್ಕು ಸಲ. ಕೊನೆಯ ಎಸ್ 'ಸುಮೆಂಡಮ್', ಅಂದರೆ 'ತೆಗೆದುಕೊಳ್ಳತಕ್ಕದ್ದು'. ಓ.ಡಿ. ಅಂದರೆ 'ಓಮ್ನಿ ಡಿಯೆ', ದಿನಕ್ಕೊಂದು ಸಲ. ಎಚ್.ಎಸ್. ಅಂದರೆ 'ಹೋರಾ ಸೋಮ್ನಿ', ಮಲಗುವ ಹೊತ್ತು. 'ಸಿಬುಸ್' ಅಂದರೆ ಊಟ. ಹಾಗಾಗಿ ಎ ಬಾರ್ ಸಿ 'ಆಂಟೆ ಸಿಬುಮ್', ಊಟಕ್ಕೆ ಮುಂಚೆ. ಪಿ ಬಾರ್ ಸಿ 'ಪೋಸ್ಟ್ ಸಿಬುಮ್', ಊಟ ಆದ ಮೇಲೆ. ಎಸ್.ಓ.ಎಸ್. ನೋಡಿ ಹೆದರಬೇಡಿ, ಇದು ಮುಳುಗುವ ಹಡಗಿನ ಕೂಗಲ್ಲ. 'ಸಿ ಓಪುಸ್ ಸಿಟ್', ಬೇಕಿದ್ದರೆ ಮಾತ್ರ.

ಇನ್ನು ಆ 5/7. ಇದು ಏಳರಲ್ಲಿ ಐದು ಅನ್ನುವ ಭಿನ್ನರಾಶಿ ಅಲ್ಲ. ಕೆಳಗಿನ ಸಂಖ್ಯೆ ಯೂನಿಟ್. ವಾರಕ್ಕೆ 7 ದಿನ, ವರ್ಷಕ್ಕೆ 52 ವಾರ, ವರ್ಷಕ್ಕೆ 12 ತಿಂಗಳು. ಹಾಗಾಗಿ 5/7 ಅಂದರೆ ಐದು ದಿನ, 2/52 ಅಂದರೆ ಎರಡು ವಾರ, 3/12 ಅಂದರೆ ಮೂರು ತಿಂಗಳು. ಇದನ್ನು ಕಂಡುಹಿಡಿದವರು ಪ್ರೋಗ್ರಾಮರೇ ಆಗಿರಬೇಕಿತ್ತು ಅಂತ ನನಗೆ ಅನ್ನಿಸುತ್ತೆ.

ಸರಿ, ಆ ಕಂಪೈಲರ್ ಏನಾದ? ನಮ್ಮಪ್ಪನ ಬಾಲ್ಯದಲ್ಲಿ ಅವನ ಹೆಸರು ಕಾಂಪೌಂಡರ್. ಮನೆಯಿಂದಲೇ ಖಾಲಿ ಸೀಸೆ ತೆಗೆದುಕೊಂಡು ಹೋಗಬೇಕಿತ್ತಂತೆ. ಕಾಂಪೌಂಡರ್ ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿಸಿ, ಕಾಗದದ ಒಂದು ಪಟ್ಟಿಯನ್ನು ಅಂಚಿನಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಯ ಮೈಗೆ ಅಂಟಿಸುತ್ತಿದ್ದ. ಒಂದು ಹಲ್ಲು ಅಂದರೆ ಒಂದು ಸಲದ ಔಷಧಿ. ಓದು ಬರದ ಅಜ್ಜಿಯೂ ಒಂದು ಹಲ್ಲಿನಷ್ಟು ಬಗ್ಗಿಸಿಕೊಂಡು ಕುಡಿಯಬಹುದು. ಚೀಟಿಯ ಲ್ಯಾಟಿನ್ ಆ ಕಾಗದದ ಹಲ್ಲುಗಳಾಗಿ ಅನುವಾದವಾಗುತ್ತಿತ್ತು. ಫ್ಯಾಕ್ಟರಿಯಲ್ಲಿ ತಯಾರಾದ ಮಾತ್ರೆಯ ಸ್ಟ್ರಿಪ್ ಬಂದ ಮೇಲೆ ಕಲಸುವ ಕೆಲಸ ನಿಂತಿತು, ಅದರ ಜೊತೆಗೆ ಅನುವಾದದ ಕೆಲಸವೂ ಸೊರಗಿತು. ಅಂಗಡಿಯವರು ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ಗೀಚಿ ಕೊಟ್ಟರೆ ಪುಣ್ಯ. ಇಲ್ಲದಿದ್ದರೆ ಮೂಲ ಚೀಟಿಯೇ ನೇರವಾಗಿ ರೋಗಿಯ ಕೈಗೆ.

ಈ ಖಾಲಿ ಜಾಗವನ್ನು ತುಂಬಿದ್ದು 1-0-1. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಯಾವ ಭಾಷೆಯೂ ಬೇಡ, ಜರ್ಮನಿಯಲ್ಲೂ ಹೀಗೇ ಬರೆಯುತ್ತಾರೆ. ಆ ಕಾಗದದ ಹಲ್ಲುಗಳಿಗೆ ಇದು ಮರಿಮಗ ಅನ್ನಬಹುದು. ಆದರೆ ಇದಕ್ಕೂ ಮಿತಿ ಇದೆ. ಹೊತ್ತನ್ನು ಹೇಳುತ್ತೆ, ಗಂಟೆ ಹೇಳುವುದಿಲ್ಲ. ದಿನಕ್ಕೆ ಎರಡು ಸಲದ ಆಂಟಿಬಯೋಟಿಕ್‌ಗೆ ಸುಮಾರು 12 ಗಂಟೆ ಅಂತರ ಬೇಕು. ಬೆಳಿಗ್ಗೆ ಹತ್ತಕ್ಕೆ ತಿಂಡಿ, ರಾತ್ರಿ ಏಳಕ್ಕೆ ಊಟ ಮಾಡುವವರಿಗೆ 1-0-1 ಆ ಅಂತರ ಕೊಡುವುದಿಲ್ಲ.

ಫೋಟೊದಲ್ಲಿ ನಿಜವಾಗಿ ಎಡವುವ ಜಾಗಕ್ಕೆ ಬರೋಣ. ಮಾದರಿಯ ಎರಡನೇ ಸಾಲು ನೋಡಿ. ಫೋಟೊ ಸ್ವಲ್ಪ ಮಸುಕಾದರೆ ಅಥವಾ ಡಾಕ್ಟರ ಪೆನ್ನು ಓಡಿದರೆ ಓ.ಡಿ. ಮತ್ತು ಬಿ.ಡಿ. ಒಂದೇ ಥರ ಕಾಣುತ್ತವೆ. ಎಷ್ಟು ಝೂಮ್ ಮಾಡಿದರೂ ಪ್ರಯೋಜನವಿಲ್ಲ. ಆಗ ಸಾಲಿನ ಕೊನೆಯ ಸಂಖ್ಯೆ ನೋಡಬೇಕು. ಐದು ದಿನ, ಒಟ್ಟು 5 ಮಾತ್ರೆ. ಅಂದರೆ ದಿನಕ್ಕೊಂದೇ, ಓ.ಡಿ. ಅಲ್ಲಿ 10 ಇದ್ದಿದ್ದರೆ ಬಿ.ಡಿ. ಮೊದಲ ಸಾಲಿನಲ್ಲೂ ಲೆಕ್ಕ ಹಾಕಿ: 3 ಸಲ, 5 ದಿನ, 15. ತಾಳೆಯಾಯಿತು. ಅದು ನಮ್ಮ ಚೆಕ್‌ಸಮ್. ಇದು ಡಾಕ್ಟರ ಅಭ್ಯಾಸ ಮಾತ್ರವಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ಒಟ್ಟು ಎಷ್ಟು ಔಷಧಿ ಕೊಡಬೇಕು ಮತ್ತು ಎಷ್ಟು ತೆಗೆದುಕೊಳ್ಳಬೇಕು ಅನ್ನುವ ಎರಡೂ ಚೀಟಿಯಲ್ಲಿ ಇರಬೇಕು. ಎರಡೂ ತಾಳೆಯಾಗದಿದ್ದರೆ ಊಹೆ ನಿಲ್ಲಿಸಿ ಕ್ಲಿನಿಕ್ಕಿಗೆ ಫೋನ್ ಮಾಡಬೇಕು. ಮೂರನೇ ಸಾಲಿನ ಎಸ್.ಓ.ಎಸ್.ಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಎಷ್ಟು ಗಂಟೆಯ ಅಂತರ, ದಿನಕ್ಕೆ ಹೆಚ್ಚೆಂದರೆ ಎಷ್ಟು?

ಒಂದೇ ಅಕ್ಷರಗಳಿಗೆ ಎರಡು ಅರ್ಥ ಇರುವುದು ಇನ್ನೊಂದು ತೊಡಕು. ಕಣ್ಣಿನ ಚೀಟಿಯಲ್ಲಿ ಓ.ಡಿ. ಅಂದರೆ 'ಓಕುಲುಸ್ ಡೆಕ್ಸ್ಟರ್', ಬಲಗಣ್ಣು! ಅಮೆರಿಕದವರು ದಿನಕ್ಕೊಂದು ಸಲ ಅನ್ನುವುದಕ್ಕೆ ಕ್ಯು.ಡಿ. ಬರೆಯುತ್ತಿದ್ದರು. ನಡುವೆ ಒಂದು ಚುಕ್ಕಿ ಉದ್ದವಾದರೆ ಅದು ನಾಲ್ಕು ಸಲದ ಕ್ಯು.ಐ.ಡಿ. ಆಗಿಬಿಡುತ್ತೆ. ಅಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ 'ಬಳಸಬಾರದು' ಅಂತ ಒಂದು ಪಟ್ಟಿ ಮಾಡಿ ಕ್ಯು.ಡಿ.ಯನ್ನು ಅದಕ್ಕೆ ಸೇರಿಸಿತು. ಇಂಗ್ಲಿಷಿನಲ್ಲಿ 'ಡೈಲಿ' ಅಂತ ಪೂರ್ತಿ ಬರೆಯಿರಿ ಅಂದಿತು.

ಇದು ತಲೆಹರಟೆಯ ವಿಷಯ ಅಲ್ಲ ಅನ್ನುವುದಕ್ಕೆ ಮೆಥೊಟ್ರೆಕ್ಸೇಟ್ ಸಾಕು. ಕೀಲುವಾತಕ್ಕೆ ಈ ಮಾತ್ರೆಯನ್ನು ವಾರಕ್ಕೊಂದು ಸಲ ಕೊಡುತ್ತಾರೆ. ದಿನಾ ಅಂತ ತಪ್ಪು ತಿಳಿದು ತೆಗೆದುಕೊಂಡವರು ಬೇರೆ ಬೇರೆ ದೇಶಗಳಲ್ಲಿ ಜೀವ ಕಳೆದುಕೊಂಡಿದ್ದಾರೆ. ಮೂಳೆಯ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸುತ್ತೆ. ಬಾಯಿ ತುಂಬ ಹುಣ್ಣಾಗುವುದು ಮೊದಲ ಸೂಚನೆಗಳಲ್ಲೊಂದು. ಜಾಗರೂಕ ಡಾಕ್ಟರು ಇಲ್ಲಿ ಸಂಕ್ಷೇಪವನ್ನೇ ಬಿಟ್ಟು 'ಭಾನುವಾರ ಮಾತ್ರ' ಅಂತ ವಾರದ ಹೆಸರನ್ನೇ ಬರೆಯುತ್ತಾರೆ. ಹಾಗೆ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳುವುದು ನಮ್ಮ ಹಕ್ಕು.

ನಮ್ಮ ದೇಶದಲ್ಲಿ 2016ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು, ಔಷಧಿಯ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ನಿಯಮ ತಿದ್ದಿತು. ಒಳ್ಳೆಯದೇ. ಆದರೆ ಗಮನಿಸಿ, ಅದು ಹೆಸರಿನ ಮಾತು. ಹೆಸರನ್ನು ಓದಬೇಕಾದವರು ಅಂಗಡಿಯವರು, ಹೊತ್ತನ್ನು ಓದಬೇಕಾದವರು ಮನೆಯವರು. ಮನೆಯವರ ಪಾಲಿಗೆ ಬಂದದ್ದು ಇನ್ನೂ ಅದೇ ಎರಡು ಮೂರು ಅಕ್ಷರ, ಅನುವಾದಕನಿಲ್ಲದ ಲ್ಯಾಟಿನ್.

ಹಾಗಾಗಿ ಈಗ ಫೋಟೊ ಬಂದರೆ ನಾನು ಕೇಳೋದು ಒಂದೇ: "ಅಂಗಡಿಯಲ್ಲಿ ಇರುವಾಗಲೇ ಪ್ರತಿ ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ." ಬೆಳಿಗ್ಗೆ, ರಾತ್ರಿ, ಊಟಕ್ಕೆ ಮುಂಚೆ, ಇಷ್ಟು ದಿನ. ಸಿಗ್ ಅಂತ ಬರೆದಿದ್ದು ಇದಕ್ಕೇ ತಾನೆ?

ನಿಮ್ಮ ಊರಲ್ಲಿ ಸೀಸೆಗೆ ಹಲ್ಲಿನ ಪಟ್ಟಿ ಅಂಟಿಸುತ್ತಿದ್ದ ಕಾಂಪೌಂಡರ್ ಇದ್ದರೇ? ಆ ಪಟ್ಟಿಗೆ ನಿಮ್ಮ ಕಡೆ ಏನಂತ ಹೆಸರಿತ್ತು? ಗೊತ್ತಿದ್ದರೆ ಕೆಳಗೆ ಬರೆಯಿರಿ, ನನಗೆ ಆ ಪದ ಬೇಕಿದೆ.