ಘಟಿ-ಪಲ ಮತ್ತು ಗಂಟೆ-ನಿಮಿಷ: ಎಣಿಕೆಯ ಮೊದಲ ಬಿಂದುವಿನ ಪ್ರಶ್ನೆ

ಹಳೆಯ ಜಾತಕಗಳಲ್ಲಿ, ದೇವಸ್ಥಾನದ ಕಡತಗಳಲ್ಲಿ, ಶಾಸನಗಳ ಕಾಲನಿರ್ದೇಶದಲ್ಲಿ ಬರುವ ಘಟಿ-ಪಲಗಳನ್ನು ಗಂಟೆ-ನಿಮಿಷಕ್ಕೆ ತಿರುಗಿಸುವುದು ಕಾಗದದ ಮೇಲೆ ಅರ್ಧ ನಿಮಿಷದ ಕೆಲಸ. ಒಂದು ಅಹೋರಾತ್ರಕ್ಕೆ 60 ಘಟಿ, ಒಂದು ಘಟಿಗೆ 60 ಪಲ. ದಿನಕ್ಕೆ 24 ಗಂಟೆಯಾದ್ದರಿಂದ ಒಂದು ಘಟಿ ಎಂದರೆ 24 ನಿಮಿಷ, ಒಂದು ಪಲ ಎಂದರೆ 24 ಸೆಕೆಂಡು. ಘಟಿಯನ್ನು ಎರಡರಿಂದ ಗುಣಿಸಿ ಐದರಿಂದ ಭಾಗಿಸಿದರೆ ಗಂಟೆ ಬರುತ್ತದೆ. ಪಲವನ್ನು ಹಾಗೆಯೇ ಮಾಡಿದರೆ ನಿಮಿಷ ಬರುತ್ತದೆ. ಎರಡು ಪದ್ಧತಿಗಳಲ್ಲೂ ಕೆಳಗಿನ ಮೆಟ್ಟಿಲು ಅರವತ್ತರದ್ದೇ ಆದ್ದರಿಂದ ಒಂದೇ ಸೂತ್ರ ಎರಡಕ್ಕೂ ಸಾಕು. ಆದರೂ ಹೀಗೆ ತಿರುಗಿಸಿದ ಸಮಯಗಳು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯಷ್ಟು ತಪ್ಪಿರುವುದುಂಟು. ಆ ತಪ್ಪು ಹೆಚ್ಚಾಗಿ ಗುಣಾಕಾರದಲ್ಲಿರುವುದಿಲ್ಲ, ಎಣಿಕೆ ಎಲ್ಲಿಂದ ಶುರುವಾಯಿತು ಎಂಬಲ್ಲಿರುತ್ತದೆ.

ಮೊದಲು ಮಾನದ ಮಾತು. ಅಹೋರಾತ್ರವನ್ನು ಅರವತ್ತು ಪಾಲು ಮಾಡುವ ಪದ್ಧತಿ ವೇದಾಂಗ ಜ್ಯೋತಿಷದಷ್ಟು ಹಳೆಯದು; ಅಲ್ಲಿ ಇದರ ಹೆಸರು ನಾಡಿಕಾ, ಎರಡು ನಾಡಿಕೆಗೆ ಒಂದು ಮುಹೂರ್ತ. ಆರ್ಯಭಟ ನಾಡಿಯನ್ನು 60 ವಿನಾಡಿಯಾಗಿ ಒಡೆದು, ಒಂದು ವಿನಾಡಿಗೆ ಅರವತ್ತು ಗುರ್ವಕ್ಷರ ಅಥವಾ ಆರು ಉಸಿರು ಎಂದು ಲೆಕ್ಕ ಕಟ್ಟಿದ. ಈ ವಿನಾಡಿಯೇ ನಮ್ಮ ಪಲ, ಕನ್ನಡ ಪಂಚಾಂಗದ ‘ಘ. ವಿ.’ ಅಂಕಣದ ವಿಘಟಿ. ಉಸಿರಿನ ಲೆಕ್ಕ ಅಲಂಕಾರಕ್ಕೆ ಬಂದದ್ದಲ್ಲ. ದಿನಕ್ಕೆ 60 × 60 × 6, ಅಂದರೆ 21,600 ಉಸಿರು; ವೃತ್ತದ 360 ಅಂಶಗಳಲ್ಲಿ ಇರುವ ಕಲೆಗಳ ಸಂಖ್ಯೆಯೂ 21,600. ಆಕಾಶ ಒಂದು ಕಲೆ ತಿರುಗುವಷ್ಟು ಹೊತ್ತು ಒಂದು ಉಸಿರು, ನಮ್ಮ ನಾಲ್ಕು ಸೆಕೆಂಡು. ಇದರಿಂದ ಗಣಿತಗಾರನಿಗೆ ಸಿಗುವ ಅನುಕೂಲ ದೊಡ್ಡದು: ಒಂದು ಅಂಶ ರೇಖಾಂಶದ ವ್ಯತ್ಯಾಸಕ್ಕೆ ಸರಿಯಾಗಿ ಹತ್ತು ಪಲ. ಉಜ್ಜಯಿನಿಯ ರೇಖೆಗೆ ಕಟ್ಟಿದ ಗಣಿತವನ್ನು ಬೆಂಗಳೂರಿಗೆ ತರಬೇಕಾದರೆ 1 ಅಂಶ 49 ಕಲೆಗೆ 18 ಪಲದ ದೇಶಾಂತರ ಸಂಸ್ಕಾರ ಸಾಕು, ಬಾಯಿಲೆಕ್ಕದಲ್ಲೇ ಮುಗಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೂರ್ಯಸಿದ್ಧಾಂತ ಅರವತ್ತು ನಾಡಿಯ ಲೆಕ್ಕವನ್ನು ಹೇಳುವುದು ನಾಕ್ಷತ್ರ ಅಹೋರಾತ್ರಕ್ಕೆ, ಅಂದರೆ ನಕ್ಷತ್ರವೊಂದು ಮತ್ತೆ ಅದೇ ಸ್ಥಾನಕ್ಕೆ ಬರುವ ಅವಧಿಗೆ. ಅದು 24 ಗಂಟೆಗಿಂತ ಸುಮಾರು 3 ನಿಮಿಷ 56 ಸೆಕೆಂಡು ಕಡಿಮೆ. ಆ ಮಾನದ ಘಟಿ 23 ನಿಮಿಷ 56 ಸೆಕೆಂಡಿನದು. ಪೂರ್ತಿ ದಿನಕ್ಕೆ ಹತ್ತು ಪಲದಷ್ಟು ವ್ಯತ್ಯಾಸ. ಲಗ್ನಸಾಧನೆಯ ಗಣಿತದಲ್ಲಿ ಇದನ್ನು ಬಿಡುವಂತಿಲ್ಲ. ವ್ಯವಹಾರದ ಘಟಿಗಾದರೋ ಸೂರ್ಯೋದಯದಿಂದ ಸೂರ್ಯೋದಯದ ಸಾವನ ದಿನವೇ ಆಧಾರ, ಅಲ್ಲಿ 24 ನಿಮಿಷವೇ ಸರಿ.

ಈ ಮಾನವನ್ನು ಅಳೆಯುತ್ತಿದ್ದ ಸಾಧನ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತಿಳಿನೀರಿನ ಹಂಡೆಯಲ್ಲಿ ತೇಲಬಿಟ್ಟರೆ ನೀರು ನಿಧಾನವಾಗಿ ಒಳಗೇರಿ, ಗಳಿಗೆ ತುಂಬುವಾಗ ಬಟ್ಟಲು ಮುಳುಗುತ್ತದೆ. ಅಹೋರಾತ್ರದಲ್ಲಿ ಅರವತ್ತು ಬಾರಿ ಮುಳುಗಬೇಕು ಎನ್ನುತ್ತದೆ ಸೂರ್ಯಸಿದ್ಧಾಂತ. ಬಟ್ಟಲಿನ ಆಕಾರ ಹೇಗಿರಬೇಕು, ಹತ್ತು ಪಲ ತೂಕದ ತಾಮ್ರ, ಇಷ್ಟು ಮಾಷದ ಚಿನ್ನದ ಸೂಜಿಯಿಂದ ತೂತು ಎಂಬ ಕಟ್ಟಳೆಗಳು ಹಲವು ಗ್ರಂಥಗಳಲ್ಲಿವೆ. ಎರಡನೆಯ ಭಾಸ್ಕರ ಸಿದ್ಧಾಂತ ಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಈ ಗೊಡವೆಯನ್ನೇ ಬಿಟ್ಟುಬಿಡುತ್ತಾನೆ. ಅರೆಗೋಲದ ತಾಮ್ರದ ಬಟ್ಟಲು ಮಾಡಿ, ದಿನವೆಲ್ಲ ಎಷ್ಟು ಬಾರಿ ಮುಳುಗಿತೆಂದು ಎಣಿಸಿ, ದಿನವನ್ನು ಆ ಸಂಖ್ಯೆಯಿಂದ ಭಾಗಿಸಿ. ಬಂದದ್ದೇ ಆ ಬಟ್ಟಲಿನ ಮಾನ. ಐವತ್ತೆಂಟು ಬಾರಿ ಮುಳುಗಿದರೆ ಒಂದು ಮುಳುಗಿಗೆ 1 ಘಟಿ 2 ಪಲ, ಅಷ್ಟೇ. ಪ್ರಯೋಗ ಮಾಡಿದವನ ಮಾತು ಇದು, ಕಟ್ಟಳೆಯ ಪಾಠಕ್ಕಿಂತ ನನಗೆ ಇದೇ ಹೆಚ್ಚು ವಿಶ್ವಾಸಾರ್ಹ.

ಬಟ್ಟಲು ಎಲ್ಲಿ ತಪ್ಪುತ್ತದೆ? ನೀರು ತಣ್ಣಗಿದ್ದಾಗ ಅದರ ಸ್ನಿಗ್ಧತೆ ಹೆಚ್ಚಿ, ಚಳಿಗಾಲದ ಬೆಳಗಿನ ಜಾವ ಬಟ್ಟಲು ತುಂಬುವುದು ನಿಧಾನ. ಗಡಸು ನೀರಾದರೆ ತೂತಿನ ಅಂಚಿಗೆ ಸುಣ್ಣ ಕಟ್ಟುತ್ತದೆ. ಮೂರನೆಯದು ಮನುಷ್ಯನದು. ಮುಳುಗಿದ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಸುವಷ್ಟರಲ್ಲಿ ಪ್ರತಿ ಸಲ ಒಂದೇ ಪಲ ಕಳೆದರೂ ಅರವತ್ತು ಸಲಕ್ಕೆ ಒಂದು ಇಡೀ ಘಟಿ ಮಾಯವಾಗುತ್ತದೆ. ಆದ್ದರಿಂದ ಪ್ರತಿ ಸೂರ್ಯೋದಯಕ್ಕೂ ಎಣಿಕೆಯನ್ನು ಹೊಸದಾಗಿ ಶುರು ಮಾಡುವುದು ಬರಿಯ ಆಚಾರವಲ್ಲ, ಹಿಂದಿನ ದಿನದ ದೋಷ ಮುಂದಿನ ದಿನಕ್ಕೆ ಹರಿಯದಂತೆ ತಡೆಯುವ ಉಪಾಯವೂ ಹೌದು. ಬಟ್ಟಲಿನಿಂದ ಅಳೆದ ದಾಖಲೆಯಲ್ಲಿ ಸಂಜೆಯ ಘಟಿಗಿಂತ ಬೆಳಗಿನ ಘಟಿ ಹೆಚ್ಚು ನಂಬಿಕೆಗೆ ಅರ್ಹ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಈಗ ಆರಂಭಬಿಂದು. ಬೆಂಗಳೂರಿನಲ್ಲಿ 1943ರ ಡಿಸೆಂಬರ್ 21, ಮಂಗಳವಾರ ಹುಟ್ಟಿದ ಮಗುವಿನ ಜಾತಕದಲ್ಲಿ ‘ಉದಯಾದಿ ಗತಘಟಿ 22-35’ ಎಂದು ಬರೆದಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 22 ಘಟಿಗೆ 8 ಗಂಟೆ 48 ನಿಮಿಷ, 35 ಪಲಕ್ಕೆ 14 ನಿಮಿಷ, ಒಟ್ಟು 9 ಗಂಟೆ 2 ನಿಮಿಷ. ಇದು ಸಮಯವಲ್ಲ, ಸೂರ್ಯೋದಯದಿಂದ ಕಳೆದ ಅವಧಿ. ಸೂರ್ಯೋದಯ ಆರು ಗಂಟೆಗೆಂದು ಹಿಡಿದು ಮಧ್ಯಾಹ್ನ 3 ಗಂಟೆ 2 ನಿಮಿಷ ಎಂದು ಬರೆದುಬಿಡುವುದು ತೀರ ಸಾಮಾನ್ಯವಾದ ತಪ್ಪು.

ಡಿಸೆಂಬರ್ 21ಕ್ಕೆ ಬೆಂಗಳೂರಿನ ಅಕ್ಷಾಂಶದಲ್ಲಿ ದಿನಮಾನ ಅತಿ ಕಡಿಮೆ. ಚರ ಸಂಸ್ಕಾರ ಮಾಡಿದರೆ ಹಗಲು 28 ಘಟಿ 5 ಪಲ, ಅಂದರೆ 11 ಗಂಟೆ 14 ನಿಮಿಷ. ದಿನಾರ್ಧ 5 ಗಂಟೆ 37 ನಿಮಿಷ. ಸೂರ್ಯ ನೆತ್ತಿಯ ರೇಖೆಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ಭಾರತೀಯ ಪ್ರಮಾಣ ಸಮಯ 82 ಅಂಶ 30 ಕಲೆಯ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ 4 ಅಂಶ 55 ಕಲೆ ಪಶ್ಚಿಮಕ್ಕಿದೆ; ಅಂಶಕ್ಕೆ ಹತ್ತು ಪಲದಂತೆ 49 ಪಲ ಚಿಲ್ಲರೆ, 19 ನಿಮಿಷ 40 ಸೆಕೆಂಡು. ಅದರ ಮೇಲೆ ಆ ದಿನದ ವೇಲಾಂತರದ ಎರಡು ನಿಮಿಷ ಕಳೆದರೆ ನಿಜವಾದ ಮಧ್ಯಾಹ್ನ 12 ಗಂಟೆ 18 ನಿಮಿಷಕ್ಕೆ ಬರುತ್ತದೆ. ಅದರಿಂದ ದಿನಾರ್ಧ ಕಳೆದರೆ ಸೂರ್ಯೋದಯ 6-41. ಅದಕ್ಕೆ 9 ಗಂಟೆ 2 ನಿಮಿಷ ಸೇರಿಸಿ: ಜನನ 3-43ಕ್ಕೆ. ಇದೇ 22-35 ಜೂನ್ 21ರ ದಾಖಲೆಯಲ್ಲಿದ್ದರೆ ಸೂರ್ಯೋದಯ 5-58, ಜನನ ಸರಿಯಾಗಿ ಮೂರು ಗಂಟೆಗೆ. ಒಂದೇ ಊರಿನಲ್ಲಿ, ಒಂದೇ ಘಟಿ-ಪಲಕ್ಕೆ ಮುಕ್ಕಾಲು ಗಂಟೆಯ ಹತ್ತಿರದ ಅಂತರ.

ವರ್ಷವನ್ನು ಮರೆಯಬಾರದು. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಮಹಾಯುದ್ಧದ ಕಾರಣ ಭಾರತದ ಅಧಿಕೃತ ಗಡಿಯಾರವನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆ ದಿನ ಗೋಡೆಯ ಗಡಿಯಾರ ತೋರಿಸಿದ್ದು 4-43. ಮನೆಯ ಹಿರಿಯರು ‘ನಾಲ್ಕೂಮುಕ್ಕಾಲಿಗೆ ಹುಟ್ಟಿದ್ದು’ ಎಂದು ನೆನಪಿಟ್ಟುಕೊಂಡಿದ್ದರೆ ಜಾತಕವೂ ಸರಿ, ಅವರೂ ಸರಿ. ಇಂಥ ಕಡೆ ಜಾತಕದ ಘಟಿಯನ್ನು ‘ತಿದ್ದಿದ’ ಪ್ರತಿಗಳು ಸಿಕ್ಕರೆ ತಿದ್ದುವ ಮೊದಲಿನ ಅಂಕಿಯನ್ನೇ ಆರಿಸಿಕೊಳ್ಳುವುದು ಲೇಸು, ಏಕೆಂದರೆ ಸೂರ್ಯೋದಯಕ್ಕೆ ಸರ್ಕಾರದ ಆದೇಶ ತಟ್ಟುವುದಿಲ್ಲ. 1906ರ ಹಿಂದಿನ ದಾಖಲೆಗಳಿಗೂ ಇದೇ ಎಚ್ಚರ ಬೇಕು. ಆಗ ಭಾರತೀಯ ಪ್ರಮಾಣ ಸಮಯವೇ ಇರಲಿಲ್ಲ, ಸ್ಥಳೀಯ ಸಮಯವೂ ಮದ್ರಾಸ್ ಸಮಯವೂ ಬಳಕೆಯಲ್ಲಿದ್ದವು.

ಫಲಿತಾಂಶ ಸರಿಯಿದೆಯೇ ಎಂದು ದಾಖಲೆಯೊಳಗೇ ಪರೀಕ್ಷಿಸುವ ದಾರಿಯೂ ಇದೆ. ಡಿಸೆಂಬರ್ 21ರ ಮಧ್ಯಾಹ್ನ 3-43ಕ್ಕೆ ಬೆಂಗಳೂರಿನಲ್ಲಿ ಉದಯಿಸುತ್ತಿದ್ದದ್ದು ವೃಷಭದ ಮೊದಲ ಭಾಗ, ಸುಮಾರು ಐದನೆಯ ಅಂಶ. ಜಾತಕದಲ್ಲಿ ವೃಷಭ ಲಗ್ನ ಬರೆದಿದ್ದರೆ ಲೆಕ್ಕ ಹೊಂದುತ್ತದೆ. ರೇಖಾಂಶದ 20 ನಿಮಿಷವನ್ನು ಬಿಟ್ಟು 3-23 ಎಂದು ಹಿಡಿದರೆ ಲಗ್ನ ಮೇಷ-ವೃಷಭಗಳ ಸಂಧಿಗೆ ಜಾರುತ್ತದೆ. ಆರು ಗಂಟೆಯ ಸೂರ್ಯೋದಯ ಹಿಡಿದು 3-02 ಎಂದರೆ ಸ್ಪಷ್ಟವಾಗಿ ಮೇಷವೇ.

ಪಂಚಾಂಗದ ಅಂಕಣ ಓದುವಾಗಿನ ತೊಡಕು ಬೇರೆ ಬಗೆಯದು. ತಿಥಿಯ ಮುಂದೆ 23-45 ಎಂದಿದ್ದರೆ ಅದು ಘಟಿಯೋ ಗಂಟೆಯೋ? ಈಗಿನ ಕೆಲವು ಪಂಚಾಂಗಗಳು ಮಧ್ಯರಾತ್ರಿ ದಾಟಿದ ಗಂಟೆಯನ್ನು 26-10 ಎಂದು ಮುಂದುವರಿಸಿ ಅಚ್ಚು ಹಾಕುವುದರಿಂದ ಗೊಂದಲ ಹೆಚ್ಚು. ಇಡೀ ಪುಟದ ಅಂಕಣವನ್ನು ಕಣ್ಣಾಡಿಸಿ: ಗಂಟೆಯಾದರೆ ಮುಂದಿನ ಸೂರ್ಯೋದಯದ ಆಚೆ, ಅಂದರೆ 30-31ರ ಆಚೆ, ಸಂಖ್ಯೆ ಹೋಗಲಾರದು. 40 ಅಥವಾ 55 ಎಲ್ಲಾದರೂ ಕಂಡರೆ ಅದು ಘಟಿಯೇ. ಇನ್ನೊಂದು, 52-30ರಂಥ ಅಂಕಿ ಇಂಗ್ಲಿಷ್ ತಾರೀಖನ್ನು ದಾಟಿಸುತ್ತದೆ. ಮೇಲಿನ ಮಂಗಳವಾರವೇ ಆದರೆ 21 ಗಂಟೆ ಸೇರಿ ಡಿಸೆಂಬರ್ 22ರ ನಸುಕಿನ 3-41, ಆದರೆ ಪಂಚಾಂಗದ ವಾರ ಇನ್ನೂ ಮಂಗಳವಾರ. ತಾರೀಖು ಮತ್ತು ವಾರ ತಾಳೆಯಾಗುವುದಿಲ್ಲವೆಂದು ದಾಖಲೆಯನ್ನು ಖೋಟಾ ಎನ್ನುವ ಮುನ್ನ ಘಟಿಯನ್ನು ನೋಡಬೇಕು.

ಕೊನೆಗೆ ಪಲದ ನಿಖರತೆಯ ಮಿತಿ. ಹಳೆಯ ಗಣಿತದಲ್ಲಿ ಉದಯವೆಂದರೆ ಸೂರ್ಯಬಿಂಬದ ಮಧ್ಯ ಕ್ಷಿತಿಜಕ್ಕೆ ಬರುವ ಗಣಿತದ ಕ್ಷಣ. ಈಗಿನ ಕೋಷ್ಟಕಗಳು ಬಿಂಬದ ಮೇಲಂಚು ಕಂಡ ಕ್ಷಣವನ್ನು, ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸಿ, ಕೊಡುತ್ತವೆ. ಅದೇ ಡಿಸೆಂಬರ್ 21ಕ್ಕೆ ಕೋಷ್ಟಕದ ಸೂರ್ಯೋದಯ 6-41 ಅಲ್ಲ, 6-37ರ ಹತ್ತಿರ. ಬೆಂಗಳೂರಿನಲ್ಲಿ ಈ ಎರಡರ ನಡುವಿನ ಅಂತರ ಋತುವಿಗೆ ತಕ್ಕಂತೆ ಮೂರೂವರೆ ನಿಮಿಷದ ಆಸುಪಾಸು, ಒಂಬತ್ತು ಪಲ. ಗಣಿಸಿದವರು ಯಾವ ಉದಯ ಹಿಡಿದಿದ್ದರೆಂದು ಗೊತ್ತಿಲ್ಲದ ದಾಖಲೆಯಲ್ಲಿ 35 ಪಲವೋ 36 ಪಲವೋ ಎಂದು ವಾದಿಸುವುದು ವ್ಯರ್ಥ. ಜನನ 3-39ರಿಂದ 3-43ರ ನಡುವೆ ಎಂದು ಬರೆದುಕೊಂಡರೆ ಆ ದಾಖಲೆಗೆ ತಕ್ಕ ಉತ್ತರವಾಗುತ್ತದೆ.