ಮ್ಯಾಪ್‌ನಲ್ಲಿ ‘ಓಪನ್’, ಅಂಗಡಿ ಶಟರ್ ಡೌನ್: ಹಬ್ಬದ ಆಫರ್ ಪೋಸ್ಟ್ ಹಾಕೋ ಮೊದಲು ಇದನ್ನ ನೋಡಿ

ಕಗ್ಗದಾಸಪುರ: ಹಬ್ಬ ಹತ್ತಿರ ಬಂದರೆ ಇಲ್ಲಿನ ಬೇಕರಿ, ಕಾಂಡಿಮೆಂಟ್ಸ್, ಸಲೂನ್, ಬಟ್ಟೆ ಅಂಗಡಿಗಳವರು ಗೂಗಲ್ ಮ್ಯಾಪ್‌ನ ತಮ್ಮ ಪುಟದಲ್ಲಿ ಚಿಕ್ಕ ಚಿಕ್ಕ ಪೋಸ್ಟ್ ಹಾಕುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಒಂದೇ ಪೋಸ್ಟ್‌ನಲ್ಲಿ ಆಫರ್, ಟೈಮಿಂಗ್, ಫೋನ್ ನಂಬರ್ ಮೂರನ್ನೂ ತುಂಬಿಸಿದರೆ ಕೆಲಸ ಕೆಡುತ್ತದೆ. ಮ್ಯಾಪ್‌ನಲ್ಲಿ ಈ ಮೂರಕ್ಕೂ ಬೇರೆ ಬೇರೆ ಜಾಗ ಇದೆ.

ಒಂದು ಉದಾಹರಣೆ ತಗೊಳ್ಳೋಣ. ಕಗ್ಗದಾಸಪುರ ಮುಖ್ಯರಸ್ತೆಯಲ್ಲಿ ಒಂದು ಬೇಕರಿ ಇದೆ ಅಂದುಕೊಳ್ಳಿ. ದಿನಾ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. 2025ರ ಆಯುಧಪೂಜೆ ಅಕ್ಟೋಬರ್ 1, ಬುಧವಾರ ಬಂದಿತ್ತು. ಅವತ್ತು ಮಧ್ಯಾಹ್ನ 1ಕ್ಕೆ ಪೂಜೆ ಮುಗಿಸಿ ಶಟರ್ ಎಳೆಯೋದು ಮಾಲೀಕರ ಲೆಕ್ಕ. ಅದಕ್ಕೂ ಮೊದಲು ಆಫೀಸು, ಗ್ಯಾರೇಜ್‌ಗಳಿಗೆ ಹಂಚುವ ಸ್ವೀಟ್ ಬಾಕ್ಸ್ ಆರ್ಡರ್ ಹಿಡಿಯಬೇಕು.

ಅವರು ಪೋಸ್ಟ್‌ನಲ್ಲಿ ‘ಬುಧವಾರ 1 ಗಂಟೆವರೆಗೆ ಮಾತ್ರ’ ಅಂತ ಬರೆದು ಸುಮ್ಮನಾದರೆ ಸಾಲದು. ಪೋಸ್ಟ್‌ನಲ್ಲಿ ಏನೇ ಬರೆದರೂ ಮ್ಯಾಪ್‌ನ ಸಮಯ ತಾನಾಗಿ ಬದಲಾಗುವುದಿಲ್ಲ. ಸಂಜೆ 6ಕ್ಕೆ ಯಾರಾದರೂ ಹುಡುಕಿದರೆ ಪುಟದ ಮೇಲ್ಭಾಗದಲ್ಲಿ Open ಅಂತಲೇ ತೋರಿಸುತ್ತದೆ. ಪೋಸ್ಟ್ ಇರೋದು ಕೆಳಗೆ, Updates ಭಾಗದಲ್ಲಿ. ಅಲ್ಲಿವರೆಗೆ ಸ್ಕ್ರೋಲ್ ಮಾಡುವವರು ಕಡಿಮೆ. ರೈಲ್ವೆ ಗೇಟ್‌ನಲ್ಲಿ ಕಾದು ದಾಟಿ ಬಂದ ಗಿರಾಕಿಗೆ ಮುಚ್ಚಿದ ಬಾಗಿಲು ಕಂಡರೆ, ಅಲ್ಲೇ ನಿಂತು ಒಂದು ಸ್ಟಾರ್ ಒತ್ತಿ ಹೋಗುತ್ತಾನೆ. ಬಿದ್ದ ರೇಟಿಂಗ್ ಹಬ್ಬ ಮುಗಿದ ಮೇಲೂ ಅಲ್ಲೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಸಮಯದ್ದು. ಪುಟ ನೋಡಿಕೊಳ್ಳುವ ಜಿಮೇಲ್‌ನಿಂದಲೇ ಲಾಗಿನ್ ಆಗಿ, ಗೂಗಲ್‌ನಲ್ಲಿ ಅಂಗಡಿ ಹೆಸರು ಹುಡುಕಿದರೆ ನಿರ್ವಹಣೆಯ ಆಯ್ಕೆಗಳು ಬರುತ್ತವೆ. Edit profile ಒಳಗೆ Hours, ಅದರಲ್ಲಿ Special hours. ಅಲ್ಲಿ ಅಕ್ಟೋಬರ್ 1 ಆರಿಸಿ ಬೆಳಗ್ಗೆ 7ರಿಂದ ಮಧ್ಯಾಹ್ನ 1 ಅಂತ ಕೊಡಬೇಕು. ಮಾಮೂಲಿ ಟೈಮಿಂಗ್ ಮುಟ್ಟಬೇಡಿ. ಅದನ್ನೇ ತಿದ್ದಿದರೆ ಮುಂದಿನ ಬುಧವಾರವೂ 1 ಗಂಟೆಗೆ Closed ಅಂತ ಬರುತ್ತದೆ, ನೆನಪಾಗೋವರೆಗೆ ವ್ಯಾಪಾರ ಹೋಗುತ್ತಿರುತ್ತದೆ.

ಎರಡನೆಯದು ಆಫರ್. Add update ಒತ್ತಿದರೆ Update, Offer, Event ಎಂಬ ಮೂರು ಬಗೆ ಸಿಗುತ್ತವೆ. Offer ಆರಿಸಿದರೆ ಶೀರ್ಷಿಕೆ, ಆರಂಭದ ದಿನ, ಮುಗಿಯುವ ದಿನ ಕೊಡಲೇಬೇಕು. ಕೂಪನ್ ಕೋಡ್, ಷರತ್ತು ಇದ್ದರೆ ಹಾಕಬಹುದು. ನಮ್ಮ ಬೇಕರಿಯವರು ಹೀಗೆ ಹಾಕಬಹುದು: ಶೀರ್ಷಿಕೆ ‘10 ಸ್ವೀಟ್ ಬಾಕ್ಸ್‌ಗೆ 1 ಫ್ರೀ’, ದಿನಾಂಕ ಸೆಪ್ಟೆಂಬರ್ 24ರಿಂದ 30. ಷರತ್ತಿನ ಜಾಗದಲ್ಲಿ ‘ಒಂದು ದಿನ ಮುಂಚೆ ಆರ್ಡರ್ ಕೊಡಬೇಕು, ಅರ್ಧ ಕೆಜಿ ಬಾಕ್ಸ್‌ಗೆ ಮಾತ್ರ’. ಈ ಷರತ್ತು ಬರೆಯದೆ ಬಿಟ್ಟರೆ ಕೌಂಟರ್‌ನಲ್ಲಿ ನಿಂತು ವಾದ ಮಾಡೋದು ಗ್ಯಾರಂಟಿ. ಮುಗಿಯುವ ದಿನವನ್ನು ‘ಇರಲಿ ಬಿಡು’ ಅಂತ ಡಿಸೆಂಬರ್‌ವರೆಗೆ ಎಳೆದರೂ ಅದೇ ಜಗಳ. ಆಫರ್ ಇನ್ನೂ ಕಾಣುತ್ತಿದ್ದರೆ ಗಿರಾಕಿ ಕೇಳಿಯೇ ಕೇಳುತ್ತಾನೆ.

ಬಹಳ ಜನ ಎಡವುವುದು ಬಟನ್ ವಿಷಯದಲ್ಲಿ. Offer ಪೋಸ್ಟ್‌ಗೆ ನಮಗೆ ಬೇಕಾದ ಬಟನ್ ಆರಿಸಲು ಆಗದು, View offer ತಾನಾಗಿ ಬರುತ್ತದೆ. ಬೇಕರಿಯವರಿಗೆ ಬೇಕಿರೋದು ಫೋನ್ ಕರೆ. ಅದಕ್ಕೆ Update ಬಗೆಯಲ್ಲಿ ಇನ್ನೊಂದು ಪೋಸ್ಟ್ ಹಾಕಿ Call now ಆರಿಸಬೇಕು. ಆ ಬಟನ್ ಒತ್ತಿದರೆ ಕರೆ ಹೋಗೋದು ಪುಟದಲ್ಲಿ ದಾಖಲಾದ ನಂಬರ್‌ಗೆ. ಅಂಗಡಿ ಕೈ ಬದಲಾಗಿದ್ದು ಹಳೇ ಮಾಲೀಕರ ನಂಬರ್ ಉಳಿದಿದ್ದರೆ ಆರ್ಡರ್ ಅವರಿಗೆ ಹೋಗುತ್ತದೆ. ಬೇರೆ ಮೊಬೈಲ್‌ನಿಂದ ಒಮ್ಮೆ ಒತ್ತಿ ನೋಡಿದರೆ ಗೊತ್ತಾಗುತ್ತದೆ.

‘ಬಟನ್ ಯಾಕೆ, ನಂಬರನ್ನೇ ಬರೆದುಬಿಡೋಣ’ ಅನ್ನೋದು ಸಹಜ. ಆದರೆ ಬರಹದಲ್ಲಿ ಫೋನ್ ನಂಬರ್ ಇದ್ದರೆ ಗೂಗಲ್ ಆ ಪೋಸ್ಟನ್ನು ತಿರಸ್ಕರಿಸಬಹುದು. ಸಿಗರೇಟು ಮಾರುವ ಬೇಕರಿಗಳು ಫೋಟೊದಲ್ಲಿ ಆ ರ‍್ಯಾಕ್ ಬಾರದಂತೆ ನೋಡಿಕೊಳ್ಳೋದು ಒಳ್ಳೆಯದು, ತಂಬಾಕಿನ ಪ್ರಚಾರಕ್ಕೆ ಅಲ್ಲಿ ಅವಕಾಶವಿಲ್ಲ. ಹಾಕಿದ ಪೋಸ್ಟ್ Live ಆಗಿದೆಯೋ, Pending ಇದೆಯೋ ಅಂತ ಮರುದಿನ ನೋಡಬೇಕು. ತಿರಸ್ಕೃತವಾಗಿದ್ದರೆ ನಂಬರ್ ತೆಗೆದು ತಿದ್ದಿ ಮತ್ತೆ ಕಳಿಸಬಹುದು. ಇದಕ್ಕೆ ಸಮಯ ಬೇಕು, ಹಾಗಾಗಿ ಹಬ್ಬದ ಹಿಂದಿನ ರಾತ್ರಿವರೆಗೆ ಕಾಯಬೇಡಿ.

ಬರಹಕ್ಕೆ 1,500 ಅಕ್ಷರದವರೆಗೆ ಜಾಗ ಇದೆ, ಅಷ್ಟು ಬೇಕಾಗಿಲ್ಲ. ಪಟ್ಟಿಯಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ. ‘ಸಮಸ್ತ ಗ್ರಾಹಕರಿಗೆ ದಸರಾ ಹಬ್ಬದ ಹಾರ್ದಿಕ ಶುಭಾಶಯಗಳು’ ಅಂತ ಶುರು ಮಾಡಿದರೆ ಆ ಜಾಗ ಅಲ್ಲೇ ಖಾಲಿ. ‘ಆಯುಧಪೂಜೆ ಸ್ವೀಟ್ ಬಾಕ್ಸ್: 30ರೊಳಗೆ ಆರ್ಡರ್ ಕೊಡಿ, ಬುಧವಾರ ಮಧ್ಯಾಹ್ನ 1ಕ್ಕೆ ಬಂದ್’ ಅಂತ ಮೊದಲು ಬರಲಿ, ಶುಭಾಶಯ ಕೊನೆಗಿರಲಿ.