ಕ್ಲೋರಿನ್ನಿನ ಅಳತೆ, ಒರೆಸುವ ಬಟ್ಟೆಯ ಆಯುಷ್ಯ

ಕೊರೊನಾ ಕಾಲದಲ್ಲಿ ಸಾರ್ವಜನಿಕ ಜಾಗಗಳಿಗೆ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ಬಳಸಬೇಕೆಂಬ ಸರ್ಕಾರಿ ಸೂಚನೆ ಬಂತು. ಸೋಂಕು ಇಳಿಯಿತು, ಆದರೆ ಕಟುವಾಸನೆ ಬಂದರೆ ಶುಚಿಯಾಯಿತು ಎಂಬ ನಂಬಿಕೆ ಅಡುಗೆಮನೆಗಳಲ್ಲಿ ಉಳಿದುಕೊಂಡಿತು. ಶೇ. 1 ಎಂದರೆ 10,000 ಪಿಪಿಎಂ, ಅಂದರೆ ಲೀಟರಿಗೆ 10,000 ಮಿಲಿಗ್ರಾಂ ಕ್ಲೋರಿನ್. ಆಹಾರ ತಾಗುವ ಮೇಲ್ಮೈಯನ್ನು ಸೋಪು ಹಾಕಿ ತೊಳೆದಿದ್ದರೆ ಅದಕ್ಕೆ ಬೇಕಾದದ್ದು 50ರಿಂದ 100 ಪಿಪಿಎಂ ಮಾತ್ರ. ಕನಿಷ್ಠ ನೂರು ಪಟ್ಟಿನ ಈ ಅಂತರವೇ ಹೋಟೆಲು ನೈರ್ಮಲ್ಯದ ಕ್ಷೇತ್ರದ ಇಂದಿನ ಗೊಂದಲದ ಅಳತೆ. ಕ್ಲೋರಿನ್ನಿನ ಬಳಕೆ ಹೊಸದಲ್ಲ: 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಹೆರಿಗೆ ವಾರ್ಡಿನ ವೈದ್ಯರ ಕೈಯನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಸಿದ. ಮೊದಲ ಮಹಾಯುದ್ಧದಲ್ಲಿ ಡೇಕಿನ್ ಗಾಯ ತೊಳೆಯಲು ಸುಮಾರು ಶೇ. 0.5ರ ದ್ರಾವಣವನ್ನು ಗೊತ್ತುಮಾಡಿದ. ಔಷಧ ಯಾವುದು ಎಂಬುದರ ಜೊತೆಗೆ ಎಷ್ಟು ಎಂದು ಕೇಳುವ ಅಭ್ಯಾಸ ಅಲ್ಲಿಗೇ ಹುಟ್ಟಿತ್ತು. ನಮ್ಮ ಹೋಟೆಲುಗಳಿಗೆ ಅದು ತಡವಾಗಿ ತಲುಪಿತು.

ತಡವಾದದ್ದಕ್ಕೆ ಕಾರಣ ಅಜ್ಞಾನವಲ್ಲ. ಈ ಕರಾವಳಿಯ ಹೋಟೆಲು ಪರಂಪರೆ ನಂಬಿದ್ದು ಬಿಸಿಯನ್ನು. ಸಾಲಿಗ್ರಾಮದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಆ ಮನೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದು, ಬಳಸಿದ ತಟ್ಟೆ, ಲೋಟ, ಚಮಚಗಳನ್ನು ಕ್ರಿಮಿಶುದ್ಧಿ ಮಾಡುವ ಕ್ರಮ ತಂದರು. ಪಾತ್ರೆಗೆ ಬಿಸಿ ಸಾಕು. ಆದರೆ ಟೇಬಲ್ಲನ್ನೂ ತರಕಾರಿ ಹೆಚ್ಚುವ ಕಟ್ಟೆಯನ್ನೂ ಕುದಿಸಲಾಗದು. ಅಲ್ಲಿಗೆ ರಾಸಾಯನಿಕವೇ ಬೇಕು. ಅದನ್ನು ಅಳೆದು ಬಳಸುವ ಶಿಸ್ತನ್ನು ಈ ಭಾಗದಲ್ಲಿ ಬೆಳೆಸಿದ್ದು ಹೋಟೆಲಲ್ಲ, ಮೀನಿನ ಉದ್ಯಮ. 1997ರಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಮೀನು ಆಮದನ್ನು ಕೆಲಕಾಲ ತಡೆಹಿಡಿದಾಗ ಸಂಸ್ಕರಣಾ ಘಟಕಗಳಲ್ಲಿ ಕೈಗೆಷ್ಟು, ಟೇಬಲ್ಲಿಗೆಷ್ಟು, ನೆಲಕ್ಕೆಷ್ಟು ಎಂದು ಕ್ಲೋರಿನ್ನಿನ ಪ್ರಮಾಣವನ್ನು ಬೇರೆಬೇರೆಯಾಗಿ ನಿಗದಿಮಾಡಿ ಬರೆದಿಡುವುದು ಅನಿವಾರ್ಯವಾಯಿತು. ಸರಿಸುಮಾರು ಅದೇ ಹೊತ್ತಿಗೆ, 1996ರಲ್ಲಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿಯ ತಂಡ ಸಿಗಡಿ ಮರಿ ಕೇಂದ್ರಗಳ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಒಂದು ವಿಷಯ ತೋರಿಸಿತು. ಸಿಮೆಂಟು, ಪ್ಲಾಸ್ಟಿಕ್, ಉಕ್ಕು ಮೂರರ ಮೇಲೂ ಅದು ಲೋಳೆಪೊರೆ ಕಟ್ಟುತ್ತದೆ, ಪೊರೆಯೊಳಗೆ ಸೇರಿದ ಮೇಲೆ ಕ್ಲೋರಿನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ. ನನ್ನ ಮಟ್ಟಿಗೆ ಕರಾವಳಿಯ ಯಾವ ಅಡುಗೆಮನೆಯೂ ಮರೆಯಬಾರದ ಪಾಠ ಇದು: ಮೊದಲು ಉಜ್ಜಿ ತೊಳೆಯಬೇಕು, ಕ್ಲೋರಿನ್ ಆಮೇಲೆ. ಹೋಟೆಲುಗಳ ನೈರ್ಮಲ್ಯದ ಬಗ್ಗೆ ಬರೆಯುವವರು ಮೀನಿನವರ ಈ ಅನುಭವವನ್ನು ಕಣ್ಣೆತ್ತಿಯೂ ನೋಡದಿರುವುದು ವಿಚಿತ್ರ.

ಲೆಕ್ಕ ಕಷ್ಟದ್ದಲ್ಲ. ಕುಂದಾಪುರ ಪೇಟೆಯ ಒಂದು ಸಣ್ಣ ಹೋಟೆಲಿಗೆ 10 ಲೀಟರಿನ ಬಕೆಟ್‌ನಲ್ಲಿ 100 ಪಿಪಿಎಂ ದ್ರಾವಣ ಬೇಕು ಎನ್ನೋಣ. ಹತ್ತು ಲೀಟರಿಗೆ ಬೇಕಾದ ಕ್ಲೋರಿನ್ ಒಂದು ಗ್ರಾಂ. ಬಾಟಲಿಯ ಮೇಲೆ ಶೇ. 4 ಎಂದಿದ್ದರೆ ಅದರ ಪ್ರತಿ 25 ಮಿಲಿಲೀಟರಿನಲ್ಲಿ ಒಂದು ಗ್ರಾಂ ಇದೆ. ಔಷಧದ ಐದು ಮಿಲಿಲೀಟರಿನ ಮುಚ್ಚಳದಲ್ಲಿ ಐದು ಸಲ ಅಳೆದು ಹಾಕಿದರೆ ಮುಗಿಯಿತು. ಶೇ. 30ರ ಬ್ಲೀಚಿಂಗ್ ಪುಡಿಯಾದರೆ ಮೂರೂಕಾಲು ಗ್ರಾಮಿನಷ್ಟು ಬೇಕು. ಅದನ್ನು ಸ್ವಲ್ಪ ನೀರಿನಲ್ಲಿ ಕಲಸಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಬಕೆಟ್ಟಿಗೆ ಬಗ್ಗಿಸಬೇಕು. ತೊಡಕು ಹುಟ್ಟುವುದು ಸರಕಿನಲ್ಲಿ. ಬಾಯಿ ತೆರೆದ ಪುಡಿಯ ಚೀಲ ನಮ್ಮ ಮಳೆಗಾಲದ ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಬಿಸಿಲು ತಾಗುವ ಬಾಟಲಿಯ ದ್ರಾವಣವೂ ಹಾಗೆಯೇ. ಶೇ. 30 ಇದ್ದದ್ದು 15ಕ್ಕೆ ಇಳಿದಿದ್ದರೆ ಅದೇ ಅಳತೆಯಲ್ಲಿ ಸಿಗುವುದು 50 ಪಿಪಿಎಂ. ಬೆರೆಸುವ ಬಾವಿ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಅದೂ ತನ್ನ ಪಾಲಿನ ಕ್ಲೋರಿನ್ ತಿನ್ನುತ್ತದೆ. ಸತ್ವ ಕಡಿಮೆಯಾಯಿತೆಂದು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಿದರೆ ಏಳುವುದು ವಿಷಾನಿಲ.

ಆದ್ದರಿಂದ ಬೆರೆಸಿದ ಲೆಕ್ಕವನ್ನು ನಂಬಿ ಕೂರುವಂತಿಲ್ಲ, ಬೆರೆಸಿದ ನೀರನ್ನೇ ಪರೀಕ್ಷಿಸಬೇಕು. ಇದಕ್ಕೆಂದೇ ಕ್ಲೋರಿನ್ ಪಟ್ಟಿಗಳಿವೆ. ಅದ್ದಿ ತೆಗೆದು, ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಕೂಡಲೇ ಹೋಲಿಸಿದರೆ 50, 100, 200ರ ವ್ಯತ್ಯಾಸ ತಿಳಿಯುತ್ತದೆ. ಗ್ರಾಮ ಪಂಚಾಯತಿಗಳಲ್ಲಿ ಕುಡಿಯುವ ನೀರಿಗೆ ಬಳಸುವ, ಹಳದಿ ಬಣ್ಣ ಬರುವ ಕಿಟ್ಟನ್ನೇ ಬಕೆಟ್ಟಿಗೂ ಬಳಸಬಹುದಲ್ಲ ಎನ್ನುವವರಿದ್ದಾರೆ. ಅದು ಒಂದೆರಡು ಪಿಪಿಎಂ ಅಳೆಯಲು ಮಾಡಿದ್ದು. ನೇರವಾಗಿ ಹಾಕಿದರೆ ಬಣ್ಣ ಗಾಢವಾಗಿ ಅಳತೆಯೇ ಸಿಗದು. ಬಕೆಟ್ಟಿನ ಹತ್ತು ಮಿಲಿಲೀಟರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರು ಸೇರಿಸಿ ಒಂದು ಲೀಟರ್ ಮಾಡಿ ನೋಡಿದರೆ, 100 ಇರಬೇಕಾದದ್ದು 1 ಎಂದು ತೋರಿಸಬೇಕು. ಪಟ್ಟಿ ಸಿಗದ ದಿನಕ್ಕೆ ಇದು ಅಂದಾಜು ಕೊಡುತ್ತದೆ. ಮೂಗಂತೂ ಅಳತೆಗೋಲಲ್ಲ. ಹಾಲು, ಮೀನು, ಸಾಂಬಾರಿನ ಪ್ರೋಟೀನು ಬಕೆಟ್ಟಿಗೆ ಬಿದ್ದಾಗ ಕ್ಲೋರಿನ್ ಅದರೊಡನೆ ಕೂಡಿ ಕ್ಲೋರಮೈನ್ ಆಗುತ್ತದೆ. ಕೊಲ್ಲುವ ಶಕ್ತಿ ಬಹುಮಟ್ಟಿಗೆ ಹೋಗಿರುತ್ತದೆ, ವಾಸನೆ ಮಾತ್ರ ಮೊದಲಿಗಿಂತ ಜೋರಾಗಿರುತ್ತದೆ. ಬೆಳಿಗ್ಗೆ 100 ಇದ್ದ ಬಕೆಟ್ ಊಟದ ಹೊತ್ತಿಗೆ ಸೊನ್ನೆಗೆ ಇಳಿದಿರಬಹುದು. ನೀರು ಕದಡಿದ್ದರೆ, ಇಲ್ಲವೇ ಪಟ್ಟಿ 50ಕ್ಕಿಂತ ಕೆಳಗೆ ತೋರಿಸಿದರೆ ಚೆಲ್ಲಿ ಹೊಸದು ಮಾಡುವುದೊಂದೇ ದಾರಿ.

ಬಕೆಟ್ಟನ್ನು ಸೋಲಿಸುವ ಮುಖ್ಯ ವಸ್ತು ಅದರೊಳಗೇ ಅದ್ದಿಟ್ಟ ಬಟ್ಟೆ. ಟೇಬಲ್ಲಿನ ಎಂಜಲು, ಎಣ್ಣೆ, ಗಂಜಿ ಎಲ್ಲವೂ ಅದರ ನೂಲಿನೊಳಗೆ ಸೇರುತ್ತವೆ. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಅನ್ನ, ನೀರು, ಹದವಾದ ಬಿಸಿ ಮೂರೂ ಸಿಗುತ್ತವೆ. ಉಕ್ಕಿನ ಮೇಲೆ ಕಟ್ಟಿಕೊಂಡಂಥ ಪೊರೆ ಎಳೆಗಳ ನಡುವೆ ಕಟ್ಟಿಕೊಂಡರೆ ಕ್ಲೋರಿನ್ ಅದನ್ನು ಮುಟ್ಟುವ ಮೊದಲೇ ಕೊಳೆಯಲ್ಲಿ ಖರ್ಚಾಗುತ್ತದೆ. ರಾತ್ರಿ ಹತ್ತಕ್ಕೆ ಹಿಂಡಿ ನಲ್ಲಿಯ ಮೇಲೆ ಹಾಕಿದ ಒದ್ದೆ ಬಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಬೆಳಿಗ್ಗೆ ಆರರ ಹೊತ್ತಿಗೆ ಒಂದು 65,000 ದಾಟುತ್ತದೆ. ನಿಧಾನವಾಗಿ, ಗಂಟೆಗೊಮ್ಮೆ ಎಂದರೂ 256. ಆಮೇಲೆ ಆ ಬಟ್ಟೆ ಟೇಬಲ್ಲಿಂದ ಟೇಬಲ್ಲಿಗೆ ಹಂಚುವ ಕೆಲಸವನ್ನೇ ಮಾಡುತ್ತದೆ. ಕ್ಲೋರಿನ್ ಬಿಟ್ಟು ಕ್ವಾಟ್ ದ್ರಾವಣಕ್ಕೆ ಹೋದವರಿಗೂ ಬಿಡುಗಡೆಯಿಲ್ಲ: ಹತ್ತಿಯ ನೂಲು ಕ್ವಾಟನ್ನು ತನಗೇ ಅಂಟಿಸಿಕೊಂಡು ನೀರನ್ನು ದುರ್ಬಲ ಮಾಡುತ್ತದೆ. ಅದನ್ನು ಅಳೆಯುವ ಪಟ್ಟಿಯೂ ಬೇರೆ.

ಹಾಗಾಗಿ ಬಟ್ಟೆಯನ್ನು ದಿನವೂ ಬದಲಿಸಬೇಕು. ದಿನಾ ಹೊಸ ಬಟ್ಟೆ ಎಲ್ಲಿಂದ ತರುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬದಲಿಸುವುದೆಂದರೆ ಎಸೆಯುವುದಲ್ಲ. ಹಳೆಯ ಪಂಚೆಯನ್ನು ಕತ್ತರಿಸಿ ಎರಡು ಮೂರು ದಿನಕ್ಕಾಗುವಷ್ಟು ತುಂಡು ಮಾಡಿಕೊಂಡರೆ ಇಂದಿನದು ಕೆಲಸಕ್ಕೆ, ನಿನ್ನೆಯದು ಒಣಗಲು. ರಾತ್ರಿ ಕುದಿಸಿದರೆ ಅದೇ ಬಟ್ಟೆ ಸಾಲದೇ ಎಂದು ಕೇಳುವವರ ಮಾತಿನಲ್ಲೂ ಅರ್ಧ ಸತ್ಯವಿದೆ. ಸೋಪಿನಲ್ಲಿ ಒಗೆದು ಹತ್ತು ಹದಿನೈದು ನಿಮಿಷ ಕುದಿಸಿದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಅನ್ನದ ಅಡುಗೆಮನೆಗೆ ಒಗ್ಗಿದ ಬ್ಯಾಸಿಲಸ್ ಸೀರಿಯಸ್ಸಿನ ಬೀಜಕಣಗಳು ಕುದಿಗೂ 100 ಪಿಪಿಎಂಗೂ ಜಗ್ಗುವುದಿಲ್ಲ. ಅವು ಮತ್ತೆ ಮೊಳೆಯದಂತೆ ತಡೆಯುವುದು ಗರಿಗರಿ ಒಣಗುವುದು ಮಾತ್ರ, ಜುಲೈ ತಿಂಗಳಲ್ಲಿ ಬೈಂದೂರಿನಲ್ಲಿ ಒಂದೇ ರಾತ್ರಿಗೆ ಬಟ್ಟೆ ಒಣಗದು. ಬದಲಿ ಬಟ್ಟೆ ಬೇಕೆನ್ನುವುದು ಇದಕ್ಕೇ. ಹಸಿ ಮೀನಿನ ಕಟ್ಟೆಗೂ ಊಟದ ಟೇಬಲ್ಲಿಗೂ ಒಂದೇ ಬಟ್ಟೆ ಓಡಾಡಬಾರದೆಂಬುದನ್ನು ಬಣ್ಣ ಬೇರೆ ಮಾಡಿಯೇ ಸಾಧಿಸಬಹುದು.

2006ರ ಆಹಾರ ಸುರಕ್ಷತಾ ಕಾಯ್ದೆ, 2011ರ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿ ಹೋಟೆಲುಗಳನ್ನು ಸ್ವಚ್ಛತೆಯ ಚೌಕಟ್ಟಿಗೆ ತಂದವು. ಆದರೂ ಚರ್ಚೆ ಟೋಪಿ, ಕೈಗವಸು, ಗೋಡೆಯ ಟೈಲ್ಸಿನ ಸುತ್ತಲೇ ಸುತ್ತುತ್ತದೆ, ಏಕೆಂದರೆ ಅವು ಬಾಗಿಲಲ್ಲಿ ನಿಂತವರಿಗೂ ಕಾಣುತ್ತವೆ. ಬಕೆಟ್ಟಿನ ಸತ್ವ ಹಾಗೆ ಕಾಣದು. ಮೀನಿನ ಘಟಕದಲ್ಲಿ ದಿನವೂ ಬರೆಯುವ ಎರಡು ಅಂಕಣಗಳು, ಅಂದರೆ ಪಟ್ಟಿ ತೋರಿಸಿದ ಅಂಕಿ ಮತ್ತು ನೀರು ಬದಲಿಸಿದ ಹೊತ್ತು, ಹೋಟೆಲಿನ ಪುಸ್ತಕದಲ್ಲೂ ಇರಲಿ. ಮೂರನೆಯದಾಗಿ ಒಗೆಯಲು ಹೋದ ಬಟ್ಟೆಗಳ ಎಣಿಕೆ ಸೇರಲಿ. ತಪಾಸಣೆಗೆ ಬಂದವರು ಈ ಮೂರನ್ನು ಕೇಳಲು ಶುರುಮಾಡಿದರೆ, ಕಟುವಾಸನೆಯನ್ನು ನಂಬಿ ಕೂತ ಅಡುಗೆಮನೆಗಳು ಪಟ್ಟಿಯ ಡಬ್ಬಿ ಕೊಳ್ಳಲೇಬೇಕಾಗುತ್ತದೆ.